ದರ್ಶಿನಿಯ ಒಂದು ತಿಂಗಳ ಜಿಎಸ್‌ಟಿ: ಕೌಂಟರ್ ಬಿಲ್ಲು, ಆ್ಯಪ್ ಮಾರಾಟ, ಕೈಗೆ ಬಾರದ ಇನ್‌ಪುಟ್

ಎಣ್ಣೆಗೆ ಜಿಎಸ್‌ಟಿ ಕೊಟ್ಟಿದ್ದೇವೆ, ತುಪ್ಪಕ್ಕೆ ಕೊಟ್ಟಿದ್ದೇವೆ, ಗ್ಯಾಸ್ ಸಿಲಿಂಡರಿಗೆ ಶೇ 18 ಕೊಟ್ಟಿದ್ದೇವೆ. ಗಿರಾಕಿಯಿಂದ ವಸೂಲಿ ಮಾಡಿದ ತೆರಿಗೆಯಲ್ಲಿ ಅದನ್ನು ಕಳೆದು ಉಳಿದಿದ್ದನ್ನು ಕಟ್ಟಿದರೆ ಸಾಲದೇ? ಬಟ್ಟೆ ಅಂಗಡಿಯವರೂ ಹಾರ್ಡ್‌ವೇರ್ ಅಂಗಡಿಯವರೂ ಹಾಗೆಯೇ ಮಾಡುತ್ತಾರೆ. ಹೋಟೆಲಿನವರಿಗೆ ಮಾತ್ರ ಆ ದಾರಿ ಇಲ್ಲ. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟುಗಳ ತೆರಿಗೆ ಶೇ 5. ಅದರೊಟ್ಟಿಗೇ ಇರುವ ಷರತ್ತು: ಆ ಸೇವೆ ಕೊಡಲು ಬಳಸಿದ ಸರಕು, ಸೇವೆಗಳ ಮೇಲಿನ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. ಎ.ಸಿ. ಇದೆಯೋ ಇಲ್ಲವೋ, ಕೂತು ತಿಂದರೋ ಪಾರ್ಸೆಲ್ ಒಯ್ದರೋ ಎಂಬುದರಿಂದ ಇದು ಬದಲಾಗುವುದಿಲ್ಲ. ಇನ್‌ಪುಟ್ ಸಹಿತ ಶೇ 18 ಎಂಬ ದರ ಇರುವುದು ದುಬಾರಿ ಬಾಡಿಗೆಯ ಕೋಣೆಗಳಿರುವ ದೊಡ್ಡ ವಸತಿ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳಿಗೆ. ಬೀದಿಯ ದರ್ಶಿನಿ ಬಯಸಿದರೂ ಅದನ್ನು ಆರಿಸಿಕೊಳ್ಳಲು ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಅನೇಕ ದರಗಳು ಬದಲಾದಾಗಲೂ ಈ ಶೇ 5 ಮತ್ತು ಅದರ ಷರತ್ತು ಹಾಗೆಯೇ ಉಳಿದವು. ತುಪ್ಪ, ಬೆಣ್ಣೆ ಶೇ 12ರಿಂದ 5ಕ್ಕೆ ಇಳಿದದ್ದರಿಂದ ಅಡುಗೆಮನೆಯ ಖರ್ಚು ಕಡಿಮೆಯಾಯಿತು, ಅಷ್ಟೆ.

ಕ್ರೆಡಿಟ್ ಇಲ್ಲವೆಂದಮೇಲೆ ಖರೀದಿ ಬಿಲ್ಲುಗಳ ಗೊಡವೆಯೇ ಬೇಡ ಎಂದು ಎಷ್ಟೋ ಮಾಲೀಕರು ಸುಮ್ಮನಾಗುತ್ತಾರೆ. ತೊಂದರೆ ಹುಟ್ಟುವುದು ಅಲ್ಲೇ. ಪೂರೈಕೆದಾರರು ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿ ಬಿಲ್ ಮಾಡಿದಾಗಲೆಲ್ಲ ಆ ತೆರಿಗೆ ಪೋರ್ಟಲ್ ತಯಾರಿಸುವ ನಿಮ್ಮ ಖರೀದಿ ಪಟ್ಟಿಯಾದ GSTR-2Bಗೆ ಬಂದು ಕೂರುತ್ತದೆ, ಅಲ್ಲಿಂದ ತೆರಿಗೆ ಕಟ್ಟುವ ರಿಟರ್ನಾದ GSTR-3Bಗೆ ತಾನಾಗಿ ಇಳಿಯುತ್ತದೆ. ನೀವು ಕೈಹಾಕಿ ಅದನ್ನು ತೆಗೆಯದಿದ್ದರೆ ತೆಗೆದುಕೊಳ್ಳಬಾರದ ಕ್ರೆಡಿಟ್ ತೆಗೆದುಕೊಂಡಂತಾಗುತ್ತದೆ. ಇದು ಹೇಗೆ ಆಗುತ್ತದೆ, ಹೇಗೆ ತಪ್ಪಿಸಬೇಕು ಎಂಬುದನ್ನು ಒಂದು ದರ್ಶಿನಿಯ ಒಂದು ತಿಂಗಳ ಲೆಕ್ಕ ಹಿಡಿದು ನೋಡಬಹುದು. ಲೆಕ್ಕ ಕಲ್ಪಿತ, ನಿಯಮಗಳು ನಿಜ. ಊರು ಹಾಸನ ಎಂದಿಟ್ಟುಕೊಳ್ಳಿ, ತಿಂಗಳು 2025ರ ನವೆಂಬರ್. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಕಾಫಿ, ಎರಡು ಡೆಲಿವರಿ ಆ್ಯಪ್‌ಗಳಲ್ಲಿ ಹೆಸರಿದೆ, ಬಾಡಿಗೆ ಕಟ್ಟಡ. ಮದ್ಯ ಮಾರಾಟವಿಲ್ಲ. ಮದ್ಯ ಜಿಎಸ್‌ಟಿಯ ಹೊರಗಿನ ವಸ್ತು, ಅದರ ಲೆಕ್ಕವೇ ಬೇರೆ.

ನೋಂದಣಿ ಯಾವಾಗ

ಹೋಟೆಲ್ ಊಟ ಕಾನೂನಿನ ಕಣ್ಣಿಗೆ ಸರಕಲ್ಲ, ಸೇವೆ. ಹಾಗಾಗಿ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ಬರೀ ಸರಕು ಮಾರುವವರಿಗಿರುವ 40 ಲಕ್ಷದ ಮಿತಿಯನ್ನು ತಮಗೂ ಅನ್ವಯಿಸಿಕೊಂಡು ಕೂತ ಹೋಟೆಲುಗಳಿವೆ. ಈ 20 ಲಕ್ಷದೊಳಗೆ ಆ್ಯಪ್ ಮೂಲಕ ಹೋದ ಮಾರಾಟವೂ ಸೇರುತ್ತದೆ. ಕೌಂಟರಿನಲ್ಲಿ 15 ಲಕ್ಷ, ಆ್ಯಪ್‌ನಲ್ಲಿ 7 ಲಕ್ಷ ಆದರೆ ವಹಿವಾಟು 22 ಲಕ್ಷ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಮಾಹಿತಿ ಇಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ, ಮಾರಾಟ ಎಷ್ಟೆಂಬುದು ಕ್ಯೂಆರ್ ಕೋಡ್‌ನಿಂದಲೇ ತಿಳಿಯುತ್ತದೆ ಎಂಬುದು ಎಲ್ಲರಿಗೂ ಅರ್ಥವಾಗಿದೆ.

ಕೌಂಟರಿನ ಬಿಲ್ಲು

ಬಿಲ್ಲಿನಲ್ಲಿ ಹೋಟೆಲಿನ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, ಕ್ರಮಸಂಖ್ಯೆ, ತಾರೀಖು, ಐಟಂ, ಬೆಲೆ, ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5 ಮತ್ತು ಒಟ್ಟು ಮೊತ್ತ ಇರಬೇಕು. ಸೇವೆಯ ಕೋಡ್ 996331. ಅದನ್ನು ಯಂತ್ರದಲ್ಲಿ ಒಮ್ಮೆ ಹಾಕಿಸಿಟ್ಟರೆ ಮುಗಿಯಿತು. ಕ್ರಮಸಂಖ್ಯೆ 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ಏಪ್ರಿಲ್ 1ಕ್ಕೆ ಹೊಸ ಸರಣಿ ಶುರು ಮಾಡುವುದು ಒಳ್ಳೆಯದು. ಕೆಲವು ಬಿಲ್ಲಿಂಗ್ ಯಂತ್ರಗಳು ದಿನಾ ಬೆಳಿಗ್ಗೆ 1ರಿಂದ ಎಣಿಸುತ್ತವೆ. ಅದು ಅಡುಗೆಮನೆಯ ಟೋಕನ್ ನಂಬರಾಗಿ ಇರಲಿ, ಬಿಲ್ ನಂಬರಾಗಿ ಬೇಡ.

20 ರೂಪಾಯಿ ಕಾಫಿಗೂ ಬಿಲ್ ಹರಿಯಬೇಕೇ? ಗಿರಾಕಿ ನೋಂದಾಯಿತನಲ್ಲದಿದ್ದರೆ, ಬಿಲ್ ಕೇಳದಿದ್ದರೆ, ಮೊತ್ತ 200 ರೂಪಾಯಿಗಿಂತ ಕಡಿಮೆಯಿದ್ದರೆ ಬೇಡ. ಅಂಥ ಎಲ್ಲ ಮಾರಾಟವನ್ನೂ ಸೇರಿಸಿ ದಿನದ ಕೊನೆಗೆ ಒಂದೇ ಒಟ್ಟು ಬಿಲ್ ಮಾಡಬಹುದು. ಮೂರೂ ಷರತ್ತು ಒಟ್ಟಿಗೆ ಇರಬೇಕು. 340 ರೂಪಾಯಿಯ ಊಟಕ್ಕೆ ಈ ವಿನಾಯಿತಿ ಇಲ್ಲ. ಒಟ್ಟು ಬಿಲ್ ಮಾಡುವವರು ಅದರ ಹಿಂದೆ ಆ ದಿನದ ಟೋಕನ್ ಪಟ್ಟಿಯನ್ನು ಲಗತ್ತಿಸಿಡಬೇಕು. ಬರೀ ‘ದಿನದ ವ್ಯಾಪಾರ 8,000’ ಎಂದು ಬರೆದರೆ ಅದನ್ನು ಯಾರೂ ನಂಬುವುದಿಲ್ಲ. ಯಂತ್ರ ಪ್ರತಿ ಟೋಕನ್ನಿಗೂ ಬಿಲ್ ಕೊಡುವಂತಿದ್ದರೆ ಈ ರಗಳೆಯೇ ಇಲ್ಲ.

ಮೆನು ಬೋರ್ಡಿನಲ್ಲಿ ತೆರಿಗೆ ಸೇರಿಸಿಯೇ ಬೆಲೆ ಬರೆಯುವುದು ದರ್ಶಿನಿಗಳ ರೂಢಿ. ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿ. ಮಸಾಲೆ ದೋಸೆ 50 ರೂಪಾಯಿ, ತೆರಿಗೆ ಸೇರಿ ಎಂದರೆ 50ರ ಶೇ 5, ಅಂದರೆ ಎರಡೂವರೆ ರೂಪಾಯಿ ತೆರಿಗೆ ಅಲ್ಲ. 50ನ್ನು 105ರಿಂದ ಭಾಗಿಸಿ 100ರಿಂದ ಗುಣಿಸಿ. ದೋಸೆಯ ಬೆಲೆ 47.62, ಎರಡೂ ತೆರಿಗೆ ತಲಾ 1.19, ಸೇರಿ 50. ಪಾರ್ಸೆಲ್ ಡಬ್ಬಿಗೆ ಹತ್ತು ರೂಪಾಯಿ ಹೆಚ್ಚು ತೆಗೆದುಕೊಂಡರೆ ಅದಕ್ಕೂ ಶೇ 5ರ ದರವೇ. ಡಬ್ಬಿ ಕೊಂಡಾಗ ಶೇ 18 ಕೊಟ್ಟಿದ್ದೇವೆಂದು ಗಿರಾಕಿಗೂ 18 ಹಾಕುವುದು ತಪ್ಪು. ಡಬ್ಬಿ ಊಟದ ಜೊತೆಗೆ ಹೋಗುವಂಥದ್ದು, ಊಟದ ದರವೇ ಅದಕ್ಕೂ.

ನಮ್ಮ ದರ್ಶಿನಿಯಲ್ಲಿ ನವೆಂಬರ್ ತಿಂಗಳ ಕೌಂಟರ್ ವಸೂಲಿ 6,30,000 ರೂಪಾಯಿ. ಇದು ತೆರಿಗೆ ಸೇರಿದ ಮೊತ್ತ. 105ರ ಲೆಕ್ಕ ಹಾಕಿದರೆ ತೆರಿಗೆ ಬೀಳುವ ಮೌಲ್ಯ 6,00,000, ತೆರಿಗೆ 30,000. ಗಲ್ಲಾದ ಮೊತ್ತಕ್ಕೇ ನೇರವಾಗಿ ಶೇ 5 ಹಾಕಿದ್ದರೆ 31,500 ಕಟ್ಟುತ್ತಿದ್ದರು. ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ ಸುಮ್ಮನೆ ಹೋಗುತ್ತಿತ್ತು. ಇಲಾಖೆ ಕರೆದು ವಾಪಸ್ ಕೊಡುವುದಿಲ್ಲ.

ಈ 6,30,000 ಎಲ್ಲಿಂದ ಬಂತೆಂಬುದೂ ಹೊಂದಬೇಕು: ನಗದು 1,70,000, ಯುಪಿಐ 4,35,000, ಕಾರ್ಡ್ 25,000. ಬ್ಯಾಂಕ್ ಪುಸ್ತಕದಲ್ಲಿ ಯುಪಿಐ ಜಮೆ 4,52,000 ಕಾಣುತ್ತದೆ ಎಂದುಕೊಳ್ಳಿ. 17,000 ಹೆಚ್ಚು. ಹುಡುಕಿದರೆ 12,000 ಒಂದು ಕಚೇರಿಯವರು ಅಕ್ಟೋಬರಿನ ಬಾಕಿ ಬಿಲ್ಲಿಗೆ ಕೊಟ್ಟದ್ದು, ಅದರ ತೆರಿಗೆ ಅಕ್ಟೋಬರಿನಲ್ಲೇ ಹೋಗಿದೆ. 5,000 ಭಾವಮೈದುನ ಹಿಂದಿರುಗಿಸಿದ ಕೈಸಾಲ. ಇದನ್ನು ಆ ತಿಂಗಳೇ ಒಂದು ಹಾಳೆಯಲ್ಲಿ ಬರೆದಿಟ್ಟರೆ ಎರಡು ಸಾಲಿನ ಕೆಲಸ. ಮೂರು ವರ್ಷ ಬಿಟ್ಟು ಇಲಾಖೆ ಕೇಳಿದಾಗ ನೆನಪಿನಿಂದ ಹೇಳುವುದು ಆಗದ ಕೆಲಸ. ಹೋಟೆಲಿನ ಕ್ಯೂಆರ್‌ಗೆ ಬೇರೆಯೇ ಬ್ಯಾಂಕ್ ಖಾತೆ ಇದ್ದರೆ ಮನೆಯ ಹಣ ಇಲ್ಲಿಗೆ ಬರುವುದೇ ನಿಲ್ಲುತ್ತದೆ.

ರದ್ದಾದ ಬಿಲ್ಲುಗಳ ಬಗ್ಗೆ ಒಂದು ಮಾತು. ಗಿರಾಕಿ ಆರ್ಡರ್ ಬದಲಿಸಿದ, ಹುಡುಗ ತಪ್ಪು ಒತ್ತಿದ, ಬಿಲ್ ರದ್ದಾಯಿತು: ಇದು ಎಲ್ಲ ಕಡೆಯೂ ಆಗುವಂಥದ್ದೇ. ಆದರೆ ಬಿಲ್ ‘ರದ್ದು’ ಎಂದು ಉಳಿಯಬೇಕೇ ಹೊರತು ಅಳಿಸಿಹೋಗಬಾರದು. ಮಾರಾಟದ ರಿಟರ್ನಾದ GSTR-1ರ 13ನೇ ಕೋಷ್ಟಕದಲ್ಲಿ ತಿಂಗಳ ಮೊದಲ ಬಿಲ್ ಸಂಖ್ಯೆ, ಕೊನೆಯ ಸಂಖ್ಯೆ, ರದ್ದಾದವು ಎಷ್ಟು ಎಂದು ತೋರಿಸಬೇಕು. 4001ರಿಂದ 9460ರವರೆಗೆ ಎಂದರೆ 5,460 ಬಿಲ್. ಅದರಲ್ಲಿ 38 ರದ್ದು, ಉಳಿದ 5,422ರ ಮೊತ್ತವೇ ಮಾರಾಟ. ನಡುವೆ ನಂಬರ್ ಹಾರಿದ್ದರೆ ಅದಕ್ಕೆ ಉತ್ತರ ಇರುವುದಿಲ್ಲ. ನಗದು ಬಿಲ್ಲುಗಳು ಮಾತ್ರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಸಾಲಾಗಿ ರದ್ದಾಗಿದ್ದರೆ ತಪಾಸಣೆಗೆ ಬಂದವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಮಾಲೀಕರಿಗೂ ಅದು ಸೂಚನೆಯೇ: ಕ್ಯಾಶ್ ಕೂತವನ ಮೇಲೆ ಕಣ್ಣಿಡುವ ಕಾಲ.

ಪಕ್ಕದ ಕಂಪನಿಯವರು 40 ಊಟ ತರಿಸಿಕೊಂಡು ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿ ಬಿಲ್ ಕೇಳಿದರೆ ಆ ಬಿಲ್ ಬೇರೆ ಕಡೆ ಹೋಗಬೇಕು. ನಮ್ಮ ಲೆಕ್ಕದಲ್ಲಿ ಅಂಥದ್ದು 8,000 ರೂಪಾಯಿ ಮೌಲ್ಯದ್ದು, ತೆರಿಗೆ 400. ಅದು GSTR-1ರ 4ನೇ ಕೋಷ್ಟಕದಲ್ಲಿ ಬಿಲ್ ಸಂಖ್ಯೆಯ ಸಮೇತ. ಉಳಿದ 5,92,000 ರೂಪಾಯಿ 7ನೇ ಕೋಷ್ಟಕದಲ್ಲಿ ಒಟ್ಟಾಗಿ. ಎಲ್ಲವನ್ನೂ 7ರಲ್ಲೇ ಹಾಕಿದರೂ ನಿಮ್ಮ ತೆರಿಗೆ ಅಷ್ಟೇ, ಆದರೆ ಆ ಕಂಪನಿಯ ಲೆಕ್ಕದಲ್ಲಿ ನಿಮ್ಮ ಬಿಲ್ ಕಾಣುವುದಿಲ್ಲ, ಮುಂದಿನ ತಿಂಗಳ ಊಟ ಬೇರೆ ಹೋಟೆಲಿನಿಂದ ಬರುತ್ತದೆ.

ಆ್ಯಪ್ ಮಾರಾಟ: ತೆರಿಗೆ ಅವರದು, ವಹಿವಾಟು ನಿಮ್ಮದು

2022ರ ಜನವರಿ 1ರಿಂದ ಸ್ವಿಗ್ಗಿ, ಝೊಮ್ಯಾಟೊದಂಥ ಆ್ಯಪ್ ಮೂಲಕ ಹೋಗುವ ರೆಸ್ಟೋರೆಂಟ್ ಊಟಕ್ಕೆ ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪ್ ಕಂಪನಿಯದು. ಕಾನೂನಿನ 9(5)ನೇ ಕಲಮು ಇದರ ಮೂಲ. ಗಿರಾಕಿಗೆ ತೆರಿಗೆ ಬಿಲ್ ಕೊಡುವುದೂ ಅವರೇ. ಹೋಟೆಲಿನವರು ಈ ಮಾರಾಟಕ್ಕೆ ತೆರಿಗೆ ಕಟ್ಟಬೇಕಿಲ್ಲ, ಆದರೆ ಮಾರಾಟವನ್ನು ತೋರಿಸಲೇಬೇಕು. GSTR-1ರಲ್ಲಿ 14(b), ಆ್ಯಪ್ ಕಂಪನಿಯ ಜಿಎಸ್‌ಟಿ ಸಂಖ್ಯೆಯೊಂದಿಗೆ, GSTR-3Bಯಲ್ಲಿ 3.1.1(ii), ಬರೀ ಮೌಲ್ಯ.

ಇಲ್ಲಿ ಆಗುವ ತಪ್ಪುಗಳು ಎರಡು ದಿಕ್ಕಿನವು. ಮೊದಲನೆಯದು ಎರಡು ಸಲ ತೆರಿಗೆ ಕಟ್ಟುವುದು. ಆ್ಯಪ್ ಆರ್ಡರ್‌ಗಳು ಹೋಟೆಲಿನ ಬಿಲ್ಲಿಂಗ್ ಸಾಫ್ಟ್‌ವೇರಿಗೆ ನೇರವಾಗಿ ಬರುವಂತೆ ಜೋಡಿಸಿರುತ್ತಾರೆ. ಅದು ಕೌಂಟರ್ ಬಿಲ್ಲಿನ ಸರಣಿಯಲ್ಲೇ ಶೇ 5 ಹಾಕಿ ಬಿಲ್ ಮಾಡುತ್ತದೆ. ತಿಂಗಳ ಕೊನೆಗೆ ಒಟ್ಟು ಮಾರಾಟದ ವರದಿ ತೆಗೆದರೆ ಆ್ಯಪ್ ಮಾರಾಟವೂ ಅದರಲ್ಲಿ ಸೇರಿರುತ್ತದೆ, ಆಡಿಟರ್ ಅದನ್ನೆಲ್ಲ GSTR-3Bಯಲ್ಲಿ ನೀವೇ ತೆರಿಗೆ ಕಟ್ಟುವ ಮಾರಾಟದ ಸಾಲಾದ 3.1(a)ಗೆ ಹಾಕುತ್ತಾರೆ. ಪತ್ತೆ ಹಚ್ಚುವುದು ಸುಲಭ: ವರದಿಯಲ್ಲಿ ಪಾವತಿಯ ವಿಧ ‘ಆನ್‌ಲೈನ್ ಆರ್ಡರ್’ ಎಂದಿರುವ ಬಿಲ್ಲುಗಳಲ್ಲಿ ತೆರಿಗೆಯ ಕಾಲಂ ಸೊನ್ನೆ ಇದೆಯೇ ನೋಡಿ. ಇಲ್ಲದಿದ್ದರೆ ಸಾಫ್ಟ್‌ವೇರಿನವರನ್ನು ಕರೆದು ಆ ಆರ್ಡರ್‌ಗಳಿಗೆ ಬೇರೆ ಸರಣಿ, ತೆರಿಗೆ ಇಲ್ಲದಂತೆ ಮಾಡಿಸಿ.

ಎರಡನೆಯದು, ಬ್ಯಾಂಕಿಗೆ ಬಿದ್ದ ಹಣವನ್ನೇ ಮಾರಾಟವೆಂದು ಬರೆಯುವುದು. ನಮ್ಮ ದರ್ಶಿನಿಯಿಂದ ಆ ತಿಂಗಳು ಆ್ಯಪ್ ಮೂಲಕ ಹೋದ ಊಟದ ಮೌಲ್ಯ 1,20,000. ಇದರ ಜಿಎಸ್‌ಟಿ 6,000 ರೂಪಾಯಿಯನ್ನು ಗಿರಾಕಿಯಿಂದ ಪಡೆದು ಆ್ಯಪ್ ಕಂಪನಿ ಕಟ್ಟುತ್ತದೆ. ಕಮಿಷನ್ ಒಪ್ಪಂದದಂತೆ ಬೇರೆ ಬೇರೆ. ಇಲ್ಲಿ ಶೇ 22 ಎಂದರೆ 26,400. ಆ ಕಮಿಷನ್ ಅವರು ನಿಮಗೆ ಕೊಟ್ಟ ಸೇವೆಯಾದ್ದರಿಂದ ಅದರ ಮೇಲೆ ಶೇ 18 ಜಿಎಸ್‌ಟಿ, 4,752. ಆದಾಯ ತೆರಿಗೆಯ ಟಿಡಿಎಸ್ ಶೇ 0.1, ಅಂದರೆ 120. ಎಲ್ಲ ಕಳೆದು ಖಾತೆಗೆ ಬೀಳುವುದು 88,728. ಪುಸ್ತಕದಲ್ಲಿ ಮಾರಾಟ ಎಂದು ಬರೆಯಬೇಕಾದದ್ದು 1,20,000. ಕಮಿಷನ್ ಮತ್ತು ಅದರ ತೆರಿಗೆ 31,152 ಖರ್ಚು. 120 ಆದಾಯ ತೆರಿಗೆಯಲ್ಲಿ ಮುಂದೆ ಸಿಗುವ ಜಮೆ. 88,728 ಎಂದು ಬರೆದರೆ ಆ್ಯಪ್ ಕಂಪನಿ ಇಲಾಖೆಗೆ ತೋರಿಸಿದ ಅಂಕಿಗೂ ನಿಮ್ಮದಕ್ಕೂ 31,272 ರೂಪಾಯಿ ವ್ಯತ್ಯಾಸ ಬರುತ್ತದೆ, ತಿಂಗಳು ತಿಂಗಳೂ ಬೆಳೆಯುತ್ತದೆ.

ಆದ್ದರಿಂದ ಬ್ಯಾಂಕ್ ಪುಸ್ತಕಕ್ಕಿಂತ ಮೊದಲು ಬೇಕಾದ ಕಾಗದ ಆ್ಯಪ್‌ನ ತಿಂಗಳ ಪಾವತಿ ವಿವರ. ವಾರಕ್ಕೊಮ್ಮೆ ಹಣ ಬರುವುದರಿಂದ ತಿಂಗಳ ಕೊನೆಯ ವಾರದ ಆರ್ಡರ್‌ಗಳ ಹಣ ಮುಂದಿನ ತಿಂಗಳು ಬರುತ್ತದೆ. ಮಾರಾಟ ಮಾತ್ರ ಆರ್ಡರ್ ಆದ ತಿಂಗಳಿಗೇ ಸೇರಬೇಕು. ರಿಯಾಯಿತಿಯನ್ನೂ ಗಮನಿಸಿ: ನೀವೇ ಹೊತ್ತ ರಿಯಾಯಿತಿ ಮೌಲ್ಯದಲ್ಲಿ ಕಡಿಮೆಯಾಗುತ್ತದೆ, ಆ್ಯಪ್ ಕಂಪನಿ ತನ್ನ ಕೈಯಿಂದ ಕೊಟ್ಟದ್ದು ಕಡಿಮೆಯಾಗುವುದಿಲ್ಲ. ವಿವರಪಟ್ಟಿಯಲ್ಲಿ ಇವೆರಡಕ್ಕೂ ಬೇರೆ ಕಾಲಂ ಇರುತ್ತದೆ.

ಬಾಡಿಗೆಯ ಮೇಲಿನ ರಿವರ್ಸ್ ಚಾರ್ಜ್

ಸಣ್ಣ ಹೋಟೆಲುಗಳಿಗೆ ಈಚೆಗೆ ಬಿದ್ದ ದೊಡ್ಡ ಹೊರೆ ಇದು, ಅನೇಕರಿಗೆ ಗೊತ್ತೇ ಇಲ್ಲ. 2024ರ ಅಕ್ಟೋಬರ್ 10ರಿಂದ, ಕಟ್ಟಡದ ಮಾಲೀಕರು ಜಿಎಸ್‌ಟಿಯಲ್ಲಿ ನೋಂದಣಿ ಆಗಿರದಿದ್ದರೆ, ವಾಣಿಜ್ಯ ಮಳಿಗೆಯ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ನೋಂದಾಯಿತ ಬಾಡಿಗೆದಾರನೇ ಕಟ್ಟಬೇಕು. ಹೀಗೆ ಸೇವೆ ಕೊಟ್ಟವರ ಬದಲು ಪಡೆದವರು ತೆರಿಗೆ ಕಟ್ಟುವುದೇ ರಿವರ್ಸ್ ಚಾರ್ಜ್. ಅದನ್ನು ನಗದು ಲೆಡ್ಜರಿನಿಂದಲೇ ಕಟ್ಟಬೇಕು. ಶೇ 5ರ ಹೋಟೆಲಿಗೆ ಅದರ ಕ್ರೆಡಿಟ್ ಕೂಡ ಸಿಗುವುದಿಲ್ಲ. ಮಾಲೀಕರು ನೋಂದಾಯಿತರಾಗಿದ್ದರೂ ಭಾರ ಅಷ್ಟೇ, ಅವರ ಬಿಲ್ಲಿನಲ್ಲೇ ಶೇ 18 ಸೇರಿ ಬರುತ್ತದೆ; ಆಗ ನೀವು ಬೇರೆಯಾಗಿ ಕಟ್ಟುವ ಕೆಲಸ ಇರುವುದಿಲ್ಲ.

ನಮ್ಮ ದರ್ಶಿನಿಯ ಬಾಡಿಗೆ 50,000, ಕಟ್ಟಡದ ಯಜಮಾನರಿಗೆ ನೋಂದಣಿ ಇಲ್ಲ. ಹಾಗಾಗಿ 9,000 ರೂಪಾಯಿ ತೆರಿಗೆ. ಯಜಮಾನರು ಕೊಡುವುದು ಬರೀ ರಸೀದಿ, ಅದು ತೆರಿಗೆ ಬಿಲ್ ಆಗುವುದಿಲ್ಲ. ಬಿಲ್ಲನ್ನು ನೀವೇ ನಿಮ್ಮ ಹೆಸರಿನಲ್ಲಿ ಬರೆದುಕೊಳ್ಳಬೇಕು, ಸೇವೆ ಪಡೆದ 30 ದಿನಗಳೊಳಗೆ. ಅದಕ್ಕೆ ಬೇರೆ ಸರಣಿ ಇರಲಿ, `RCM/25-26/08` ಎಂಬಂತೆ. ಯಜಮಾನರ ಹೆಸರು, ವಿಳಾಸ, ಯಾವ ತಿಂಗಳ ಬಾಡಿಗೆ, ಮೊತ್ತ, ಎರಡೂ ತೆರಿಗೆ ಶೇ 9ರಂತೆ ತಲಾ 4,500, ಮತ್ತು ತೆರಿಗೆ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟತಕ್ಕದ್ದು ಎಂಬ ಒಂದು ಸಾಲು. ಹಣ ಕೊಟ್ಟದ್ದಕ್ಕೆ ಪಾವತಿ ವೋಚರ್ ಕೂಡ ಬೇಕು. ಮಳಿಗೆ ಹಿಡಿಯುವಾಗ ಕೊಟ್ಟ, ಮರಳಿ ಬರುವ ಅಡ್ವಾನ್ಸ್ ಬಾಡಿಗೆಯಲ್ಲ, ಅದರ ಮೇಲೆ ತೆರಿಗೆ ಇಲ್ಲ. ಅದನ್ನು ಬಾಡಿಗೆಗೆ ಮುರಿದುಕೊಂಡ ತಿಂಗಳು ಮಾತ್ರ ಬೀಳುತ್ತದೆ.

ಇಲ್ಲಿ ರಾಜಿ ತೆರಿಗೆಯ, ಅಂದರೆ ಕಾಂಪೊಸಿಷನ್‌ನ ವಿಷಯ ಬರುತ್ತದೆ. ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿ ಒಳಗಿದ್ದ ಹೋಟೆಲುಗಳು ಅದನ್ನು ಆರಿಸಿಕೊಳ್ಳಬಹುದು. ಅಲ್ಲೂ ಶೇ 5, ಆದರೆ ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಬಿಲ್ಲಿನಲ್ಲಿ ತೆರಿಗೆಯ ಸಾಲು ಇರುವಂತಿಲ್ಲ. ಗಲ್ಲಾದ ಮೊತ್ತದ ಮೇಲೆ ಕೈಯಿಂದ ಕಟ್ಟಬೇಕು. ನಮ್ಮ 6,30,000ಕ್ಕೆ ಅದು 31,500, ಈಗಿನದಕ್ಕಿಂತ 1,500 ಹೆಚ್ಚು. ಆದರೆ 2025ರ ಜನವರಿ 16ರಿಂದ ರಾಜಿ ತೆರಿಗೆಯವರನ್ನು ಈ ಬಾಡಿಗೆಯ ರಿವರ್ಸ್ ಚಾರ್ಜ್‌ನಿಂದ ಹೊರಗಿಟ್ಟಿದ್ದಾರೆ, ಹಾಗಾಗಿ 9,000 ಉಳಿಯುತ್ತದೆ. ಆ್ಯಪ್ ಮಾರಾಟ ಇಲ್ಲದ, ನೋಂದಣಿಯಿಲ್ಲದ ಯಜಮಾನರ ಕಟ್ಟಡದಲ್ಲಿರುವ ದರ್ಶಿನಿಗೆ ಕಾಂಪೊಸಿಷನ್ನೇ ಲಾಭ ಎಂದು ಈ ಅಂಕಿಗಳು ಹೇಳುತ್ತವೆ. ಆ್ಯಪ್ ಮಾರಾಟ ಇರುವವರಿಗೆ ಮಾತು ಬೇರೆ: ಮೂಲದಲ್ಲೇ ತೆರಿಗೆ ಹಿಡಿಯಬೇಕಾದ ಇ-ಕಾಮರ್ಸ್ ಕಂಪನಿಯ ಮೂಲಕ ಸೇವೆ ಕೊಡುವವರಿಗೆ ಈ ಪದ್ಧತಿ ಇಲ್ಲವೆಂದು 10(2)ನೇ ಕಲಮು ಹೇಳುತ್ತದೆ. ಆದ್ದರಿಂದ ಅಂಥವರು ಆಡಿಟರನ್ನು ಕೇಳದೆ ಅರ್ಜಿ ಹಾಕಬಾರದು. ಬದಲಾಗುವುದಾದರೆ ಹಣಕಾಸು ವರ್ಷ ಶುರುವಾಗುವ ಮುಂಚೆಯೇ `CMP-02` ಸಲ್ಲಿಸಬೇಕು.

ಇನ್‌ಪುಟ್ ತೆಗೆಯುವ ಬಗೆ

ಈಗ ಖರೀದಿ. ತರಕಾರಿ, ಬಿಡಿ ಹಾಲು, 25 ಕಿಲೋ ಮೀರಿದ ಚೀಲದ ಅಕ್ಕಿಬೇಳೆಗೆ ತೆರಿಗೆಯೇ ಇಲ್ಲ. ಅದೇ ಅಕ್ಕಿ 25 ಕಿಲೋ ಅಥವಾ ಅದಕ್ಕಿಂತ ಸಣ್ಣ ಮುದ್ರಿತ ಚೀಲದಲ್ಲಿ ಬಂದರೆ ಶೇ 5. ಕ್ರೆಡಿಟ್ ಸಿಗದ ಹೋಟೆಲಿಗೆ ಇದು ನೇರ ಉಳಿತಾಯದ ಮಾತು: 26 ಕಿಲೋ ಚೀಲ ಅಂಗಡಿಗಳಲ್ಲಿ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ.

ನವೆಂಬರಿನಲ್ಲಿ ನಮ್ಮ ದರ್ಶಿನಿ ಶೇ 5ರ ದರದಲ್ಲಿ ಎಣ್ಣೆ, ತುಪ್ಪ, ಕಾಫಿಪುಡಿ, ಸಕ್ಕರೆ, ಮಸಾಲೆ ಸೇರಿ 1,40,000 ರೂಪಾಯಿಯ ದಿನಸಿ ಕೊಂಡಿದೆ, ತೆರಿಗೆ 7,000. ವಾಣಿಜ್ಯ ಗ್ಯಾಸ್ 40,000ಕ್ಕೆ ಶೇ 18ರಂತೆ 7,200. ಪ್ಲಾಸ್ಟಿಕ್ ಡಬ್ಬಿ 10,000ಕ್ಕೆ 1,800. ಆ್ಯಪ್ ಕಮಿಷನ್ನಿನ ಮೇಲೆ 4,752. ಒಟ್ಟು 20,752. ಪೂರೈಕೆದಾರರೆಲ್ಲ ರಾಜ್ಯದೊಳಗಿನವರಾದ್ದರಿಂದ ಎರಡೂ ತೆರಿಗೆ ಅರ್ಧರ್ಧ, ತಲಾ 10,376. ಡಿಸೆಂಬರ್ 14ಕ್ಕೆ ತಯಾರಾಗುವ GSTR-2Bಯಲ್ಲಿ ಈ ಮೊತ್ತ ಕಾಣುತ್ತದೆ, GSTR-3B ತೆರೆದರೆ 4(A)(5)ರಲ್ಲಿ ಆಗಲೇ ತುಂಬಿರುತ್ತದೆ.

ಕೆಲವರು ಆ ಅಂಕಿಯನ್ನು ಅಳಿಸಿ ಸೊನ್ನೆ ಮಾಡುತ್ತಾರೆ. ತೆರಿಗೆ ಅದರಿಂದ ಬದಲಾಗದಿದ್ದರೂ 2Bಗೂ 3Bಗೂ ತಾಳೆಯಾಗದೆ ಉಳಿಯುತ್ತದೆ. ಸರಿಯಾದ ಕ್ರಮವೆಂದರೆ ಬಂದದ್ದನ್ನು ಇದ್ದಂತೆಯೇ ಬಿಟ್ಟು, ಅಷ್ಟನ್ನೂ 4(B)(1)ರಲ್ಲಿ ಹಿಂತಿರುಗಿಸಿದಂತೆ ತೋರಿಸುವುದು. ಅದು ಮತ್ತೆ ಪಡೆಯಲಾಗದ, ಶಾಶ್ವತವಾಗಿ ಬಿಟ್ಟುಕೊಟ್ಟ ಕ್ರೆಡಿಟ್ಟಿನ ಸಾಲು. ಅದರ ಕೆಳಗಿನ 4(B)(2) ಮುಂದೆ ಮರಳಿ ಪಡೆಯಬಹುದಾದದ್ದಕ್ಕೆ. ಅಲ್ಲಿ ಹಾಕಿದರೆ ಎಂದಾದರೂ ತೆಗೆದುಕೊಳ್ಳುವ ಹಕ್ಕು ಇದೆ ಎಂದಂತಾಗುತ್ತದೆ. ಬಾಡಿಗೆಯ ರಿವರ್ಸ್ ಚಾರ್ಜ್ 3.1(d)ಯಲ್ಲಿ, ಅದರ ಕ್ರೆಡಿಟ್ 4(A)(3)ರಲ್ಲಿ ಬರುತ್ತದೆ, ಅದನ್ನೂ 4(B)(1)ರಲ್ಲೇ ಹಿಂತಿರುಗಿಸಬೇಕು. ನಮ್ಮ ದರ್ಶಿನಿಯ ಫಾರಂ ಹೀಗಿರುತ್ತದೆ:

```
3.1(a)     600000   CGST 15000   SGST 15000
3.1(d)      50000   CGST  4500   SGST  4500
3.1.1(ii)  120000
4(A)(3)             CGST  4500   SGST  4500
4(A)(5)             CGST 10376   SGST 10376
4(B)(1)             CGST 14876   SGST 14876
4(C)                CGST     0   SGST     0
```

ನಗದಾಗಿ ಕಟ್ಟಬೇಕಾದದ್ದು 30,000 ಮತ್ತು 9,000, ಸೇರಿ 39,000. ಸಲ್ಲಿಸುವ ಮುನ್ನ ಒಂದೇ ಒಂದು ಸಾಲು ನೋಡಲು ಸಮಯವಿದ್ದರೆ 4(C) ನೋಡಿ, ಹಿಂತಿರುಗಿಸಿ ಉಳಿದ ಕ್ರೆಡಿಟ್ ಕಾಣುವುದು ಅಲ್ಲಿ. ಶೇ 5ರ ಹೋಟೆಲಿಗೆ ಅದು ಸೊನ್ನೆಯೇ ಆಗಿರಬೇಕು. ಆಡಿಟರ್ ಕಚೇರಿಯಲ್ಲಿ ಅಂಗಡಿ, ಗ್ಯಾರೇಜು, ಹೋಟೆಲು ಎಲ್ಲದರ ರಿಟರ್ನನ್ನೂ ಒಬ್ಬರೇ ತುಂಬುವಾಗ ಈ ಸೊನ್ನೆ ತಪ್ಪಿಹೋಗುವುದು ಅಪರೂಪವಲ್ಲ. ‘ಈ ತಿಂಗಳು ಬರೀ 18,248 ಕಟ್ಟಿದರೆ ಸಾಕು’ ಎಂಬ ಸಂದೇಶ ಬಂದರೆ ಖುಷಿಪಡುವ ಬದಲು ಫೋನ್ ಮಾಡಿ. 39,000ದಲ್ಲಿ 20,752 ಕಳೆದರೆ ಬರುವುದು ಅದೇ ಮೊತ್ತ.

ಹಾಗೆ ಈಗಾಗಲೇ ಆಗಿಹೋಗಿದ್ದರೆ? ಪೋರ್ಟಲ್‌ನಲ್ಲಿ ಕ್ರೆಡಿಟ್ ಲೆಡ್ಜರ್ ತೆರೆದು ನೋಡಿ. ಕ್ರೆಡಿಟ್ ಸೇರಿದ್ದರೂ ತೆರಿಗೆ ಕಟ್ಟಲು ಬಳಕೆಯಾಗದೆ ಬಾಕಿ ಬಿದ್ದಿದ್ದರೆ ಮುಂದಿನ 3Bಯಲ್ಲಿ 4(B)(1)ರಲ್ಲಿ ಹಿಂತಿರುಗಿಸಬಹುದು, ಬಡ್ಡಿ ಬೀಳುವುದಿಲ್ಲ. ಬಳಕೆಯಾಗಿದ್ದರೆ ವರ್ಷಕ್ಕೆ ಶೇ 18ರ ಬಡ್ಡಿಯೊಂದಿಗೆ ಕಟ್ಟಬೇಕು. ಇಲಾಖೆ ಇದನ್ನು ಹುಡುಕುವುದು ಕಷ್ಟವೇನಲ್ಲ. ನೋಂದಣಿಯಲ್ಲಿ ವ್ಯವಹಾರ ರೆಸ್ಟೋರೆಂಟ್ ಎಂದಿದೆ, ದರ ಶೇ 5 ಎಂದಿದೆ, 4(C)ಯಲ್ಲಿ ಅಂಕಿ ಇದೆ. `ASMT-10` ನೋಟಿಸ್ ಬಂದರೆ ಸಾಮಾನ್ಯವಾಗಿ 30 ದಿನದೊಳಗೆ `ASMT-11`ರಲ್ಲಿ ಉತ್ತರ ಕೊಡಬೇಕು. ನೋಟಿಸಿಗೆ ಮುಂಚೆಯೇ `DRC-03` ಮೂಲಕ ಸ್ವತಃ ಕಟ್ಟಿದ್ದರೆ ಮಾತು ಬಹಳ ಬೇಗ ಮುಗಿಯುತ್ತದೆ.

ತಾರೀಖುಗಳು ಇಷ್ಟೆ: ತಿಂಗಳ ರಿಟರ್ನ್ ಆರಿಸಿಕೊಂಡವರಿಗೆ GSTR-1 ಮುಂದಿನ ತಿಂಗಳ 11, GSTR-3B 20. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಕರ್ನಾಟಕದಲ್ಲಿ 13 ಮತ್ತು 22, ಆದರೆ ಮೊದಲೆರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ರೊಳಗೆ ಕಟ್ಟುತ್ತಿರಬೇಕು. GSTR-1ರಲ್ಲಿ ತಪ್ಪಿದ್ದರೆ 3B ಸಲ್ಲಿಸುವ ಮುನ್ನ GSTR-1Aಯಲ್ಲಿ ತಿದ್ದಬಹುದು.

ಕೌಂಟರಿನಲ್ಲಿ ಸರಕೂ ಮಾರಿದರೆ

ಇದೊಂದು ಅಪವಾದ. ದರ್ಶಿನಿಯ ಮೂಲೆಯಲ್ಲಿ ಕಾಫಿಪುಡಿಯನ್ನು ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳಲ್ಲಿ ಮನೆಗೆ ಒಯ್ಯುವವರಿಗೆ ಮಾರಿದರೆ ಅದು ಊಟದ ಸೇವೆಯಲ್ಲ, ಸರಕಿನ ಮಾರಾಟ. ಆ ಪುಡಿ ಕೊಂಡಾಗ ಕೊಟ್ಟ ತೆರಿಗೆಯ ಕ್ರೆಡಿಟ್ ಪಡೆಯಲು ಅಡ್ಡಿಯಿಲ್ಲ. ಷರತ್ತು ಇಷ್ಟೇ: ಅಡುಗೆಮನೆಗೆ ಹೋದ ಪುಡಿ ಯಾವುದು, ಮಾರಿದ್ದು ಯಾವುದು ಎಂದು ಕಾಗದದಲ್ಲಿ ತೋರಿಸಲು ಬರಬೇಕು. ಮಾರಾಟದ ಪುಡಿಗೆ ಬೇರೆ ಖರೀದಿ ಬಿಲ್, ಬೇರೆ ದಾಸ್ತಾನು ಪುಸ್ತಕ, ಬೇರೆ ಮಾರಾಟ ಸರಣಿ ಬೇಕು. ಬಾಡಿಗೆ, ಆಡಿಟರ್ ಶುಲ್ಕದಂಥ ಎರಡಕ್ಕೂ ಸೇರಿದ ಖರ್ಚಿನ ಕ್ರೆಡಿಟ್ಟನ್ನು ವಹಿವಾಟಿನ ಪ್ರಮಾಣದಲ್ಲಿ ಹಂಚಬೇಕಾಗುತ್ತದೆ, ಊಟದ ಪಾಲನ್ನು ಬಿಡಬೇಕಾಗುತ್ತದೆ. ತಿಂಗಳಿಗೆ 10,000 ರೂಪಾಯಿಯ ಪುಡಿ ಮಾರುವವರಿಗೆ ಕ್ರೆಡಿಟ್ 500 ರೂಪಾಯಿಯೂ ಆಗುವುದಿಲ್ಲ. ಅಷ್ಟಕ್ಕೆ ಈ ಪುಸ್ತಕಗಳನ್ನೆಲ್ಲ ಇಡುವುದಕ್ಕಿಂತ ಬಿಟ್ಟುಕೊಡುವುದೇ ವಾಸಿ. ಲಕ್ಷಗಟ್ಟಲೆ ಮಾರುವವರು ಮಾತ್ರ ಇಟ್ಟುಕೊಳ್ಳಲಿ.

ಕಾಗದಗಳನ್ನು ಇಡುವುದು

ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2025-26ರದ್ದು 2026ರ ಡಿಸೆಂಬರ್ 31ರಿಂದ ಎಣಿಸಿ 2032ರ ಡಿಸೆಂಬರ್ 31ರವರೆಗೆ. ತಿಂಗಳಿಗೊಂದು ಫೈಲು ಸಾಕು. ಅದರಲ್ಲಿ ದಿನದ ಮುಕ್ತಾಯ ವರದಿಗಳು, ರದ್ದಾದ ಬಿಲ್ಲುಗಳ ಪಟ್ಟಿ, ಆ್ಯಪ್‌ನ ಪಾವತಿ ವಿವರ, ಬಾಡಿಗೆಯ ಸ್ವಂತ ಬಿಲ್, ಖರೀದಿ ಬಿಲ್ಲುಗಳು, ಆ ತಿಂಗಳ 2Bಯ ಪ್ರತಿ, ಯುಪಿಐ ತಾಳೆ ಹಾಳೆ ಇರಲಿ. ಖರೀದಿ ಬಿಲ್ಲುಗಳು ಕ್ರೆಡಿಟ್ಟಿಗೆ ಬೇಡವಾದರೂ ಆದಾಯ ತೆರಿಗೆಯಲ್ಲಿ ಖರ್ಚಿಗೆ ಆಧಾರ ಅವೇ. ತೆರಿಗೆಯ ಕ್ರೆಡಿಟ್ ಸಿಗದ ಕಾರಣ ಖರ್ಚು ಬರೆಯುವಾಗ ತೆರಿಗೆ ಸೇರಿದ ಪೂರ್ತಿ ಮೊತ್ತ ಬರೆಯಬೇಕು: ಗ್ಯಾಸಿಗೆ 40,000 ಅಲ್ಲ, 47,200.

ಬಿಲ್ಲಿಂಗ್ ಯಂತ್ರದ ಥರ್ಮಲ್ ಕಾಗದ ಅಡುಗೆಮನೆಯ ಶಾಖಕ್ಕೆ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಗ್ಯಾಸ್ ಏಜೆನ್ಸಿಯ ಬಿಲ್ಲೂ ಕಿರಾಣಿ ಅಂಗಡಿಯ ಬಿಲ್ಲೂ ಈಗ ಅದೇ ಕಾಗದದಲ್ಲಿ ಬರುವುದರಿಂದ, ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು ತಿಂಗಳ ಹೆಸರಿನ ಫೋಲ್ಡರಿಗೆ ಹಾಕಿಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಿಸುವುದಿದ್ದರೆ ಹಳೆಯ ಕಂಪನಿಯ ಚಂದಾ ಮುಗಿಯುವ ಮೊದಲೇ ಅದರಲ್ಲಿರುವ ಬಿಲ್ಲುಗಳ ಪೂರ್ತಿ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳಿ.